ಆಫರ್ ಒಪ್ಪುವ ಮೊದಲು ಪಿಎಫ್, ಇನ್ಶೂರೆನ್ಸ್, ರಜೆ ಕೇಳಿದರೆ ತಪ್ಪಾ?

ಓದುಗರ ಪ್ರಶ್ನೆ: ನಮಸ್ತೆ ಮೇಡಂ, ದಾವಣಗೆರೆ ವಿದ್ಯಾನಗರದಲ್ಲಿರ್ತೀನಿ, ಅಕೌಂಟ್ಸ್ ಕೆಲಸ. ಎರಡು ಆಫರ್ ಬಂದಿದೆ. ಬೆಂಗಳೂರಿನ ಕಂಪನಿ ವರ್ಷಕ್ಕೆ 6.6 ಲಕ್ಷ ಅಂತಿದೆ, ಮನೆಯಿಂದಲೇ ಕೆಲಸ, ತಿಂಗಳಿಗೊಮ್ಮೆ ಆಫೀಸ್. ಇಲ್ಲೇ ಊರಿನದು 5.7 ಲಕ್ಷ. ಅಮ್ಮನಿಗೆ 61 ವರ್ಷ, ಶುಗರ್ ಇದೆ. ಕನ್ಸಲ್ಟೆನ್ಸಿಯವರು ಶುಕ್ರವಾರದೊಳಗೆ ಹೂಂ ಅನ್ನಿ ಅಂತಿದ್ದಾರೆ. ಇನ್ಶೂರೆನ್ಸ್, ರಜೆ, ಪಿಎಫ್ ಬಗ್ಗೆ ಕೇಳಿದ್ರೆ "ಸೇರೋ ಮೊದ್ಲೇ ರಜೆ ಲೆಕ್ಕ ಹಾಕ್ತಾನೆ" ಅಂತ ಆಫರ್ ವಾಪಸ್ ತಗೋತಾರಾ? ಊರಿನ ಕಂಪನಿಯವರು ಪಿಎಫ್ ಬೇಡ ಅಂದ್ರೆ ಕೈಗೆ ಜಾಸ್ತಿ ಕೊಡ್ತೀವಿ ಅಂದ್ರು. ಈಗಿನ ಕಂಪನಿಯಲ್ಲಿ ನಂಗೆ ತಿಂಗಳಿಗೆ 1,680 ರೂಪಾಯಿ ಪಿಎಫ್ ಕಟ್ ಆಗುತ್ತೆ.

ಉತ್ತರ:

ಕೇಳಿದ್ದಕ್ಕೇ ಆಫರ್ ವಾಪಸ್ ಹೋಗುವುದಿಲ್ಲ. ದಾವಣಗೆರೆ, ಹರಿಹರದ ಕಂಪನಿಗಳ ಸಂಬಳ ಮತ್ತು ಪಿಎಫ್ ಲೆಕ್ಕ ನೋಡಿಕೊಳ್ಳುವುದೇ ನನ್ನ ಕೆಲಸ. ಆಫರ್ ಲೆಟರ್ ಅಭ್ಯರ್ಥಿಯ ಕೈಗೆ ಹೋಗುವ ಮೊದಲು ಅದರ ಬ್ರೇಕಪ್ ಶೀಟ್ ನಾವೇ ಮಾಡಿರುತ್ತೇವೆ. ನೀವು ಕೇಳುವ ಪ್ರತಿಯೊಂದು ಪ್ರಶ್ನೆಗೂ ಉತ್ತರ ಆ ಶೀಟಿನಲ್ಲೋ ಕಂಪನಿಯ ಪಾಲಿಸಿ ಫೈಲಿನಲ್ಲೋ ರೆಡಿ ಇರುತ್ತದೆ. ಕೊಡುವುದಕ್ಕೆ ಯಾರಿಗೂ ಕಷ್ಟ ಇಲ್ಲ, ಕೇಳುವವರು ಕಡಿಮೆ ಅಷ್ಟೇ. ಮಾತು ಕೆಡುವುದು ಬೇರೆ ಕಡೆ. ಒಮ್ಮೆ ಒಪ್ಪಿ ಸಹಿ ಹಾಕಿ, ಆಮೇಲೆ "ಇನ್ನೊಂದು ಕಡೆ ಜಾಸ್ತಿ ಕೊಡ್ತಾರೆ" ಅಂತ ಮತ್ತೆ ಸಂಬಳದ ಮಾತು ತೆಗೆದಾಗ. ಅಥವಾ ಮೊದಲ ಫೋನ್ ಕಾಲಿನಲ್ಲೇ, ಕೆಲಸ ಏನು ಅಂತ ಕೇಳುವ ಮೊದಲೇ ರಜೆ ಎಷ್ಟು ಅಂತ ಕೇಳಿದಾಗ. ನಿಮ್ಮ ಕೈಗೆ ಆಫರ್ ಬಂದಿದೆ, ಒಪ್ಪಿಗೆ ಇನ್ನೂ ಹೋಗಿಲ್ಲ. ಕೇಳಲು ಇದೇ ಸರಿಯಾದ ಹೊತ್ತು.

ಆದರೆ ಯಾರನ್ನು ಕೇಳುತ್ತೀರಿ ಅನ್ನುವುದು ಮುಖ್ಯ. ಕನ್ಸಲ್ಟೆನ್ಸಿಯವರು ಕಂಪನಿಯವರಲ್ಲ. ನೀವು ಸೇರಿದ ಮೇಲೆ, ಕೆಲವು ಕಡೆ ಎರಡು ಮೂರು ತಿಂಗಳು ಬಿಡದೆ ಉಳಿದ ಮೇಲೆ, ಅವರಿಗೆ ಕಮಿಷನ್ ಸಿಗುತ್ತದೆ. ಅದಕ್ಕೇ ಶುಕ್ರವಾರದ ಅವಸರ. ಅವರು ಕೆಟ್ಟವರು ಅಂತಲ್ಲ, ಪಾಲಿಸಿ ಏನಿದೆ ಅಂತ ಅವರಿಗೆ ಎಷ್ಟೋ ಸಲ ನಿಜವಾಗಿಯೂ ಗೊತ್ತಿರುವುದಿಲ್ಲ. "ಎಲ್ಲಾ ಸ್ಟ್ಯಾಂಡರ್ಡ್ ಇದೆ ಸರ್" ಅನ್ನುತ್ತಾರೆ. ಆ ಸ್ಟ್ಯಾಂಡರ್ಡ್ ಎಲ್ಲೂ ಬರೆದಿರುವುದಿಲ್ಲ. ನಾಳೆ ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ ಅವರು ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದೂ ಇಲ್ಲ. ಆಫರ್ ಲೆಟರಿನಲ್ಲಿ "ಕಂಪನಿ ನಿಯಮದಂತೆ" ಅಂತ ಒಂದು ಸಾಲು ಇರುತ್ತದಲ್ಲ, ಆ ನಿಯಮ ಏನು ಅನ್ನುವುದೇ ನಿಮ್ಮ ಪ್ರಶ್ನೆ. ಹಾಗಾಗಿ ಕನ್ಸಲ್ಟೆನ್ಸಿಯವರಿಗೆ ಮೇಲ್ ಹಾಕಿ, ಕಂಪನಿಯ ಎಚ್‌ಆರ್ ಅನ್ನೂ ಅದರಲ್ಲಿ ಸೇರಿಸಲು ಕೇಳಿ.

ಈಗ ದುಡ್ಡಿನ ವಿಷಯ. 6.6 ಲಕ್ಷ ಮತ್ತು 5.7 ಲಕ್ಷ ಎರಡೂ ಸಿಟಿಸಿ. ಅಂದರೆ ಕಂಪನಿ ನಿಮ್ಮ ಹೆಸರಲ್ಲಿ ಖರ್ಚು ಮಾಡುವ ಒಟ್ಟು ಮೊತ್ತ, ನಿಮ್ಮ ಸಂಬಳ ಅಲ್ಲ. ನಿಮ್ಮ ಬ್ರೇಕಪ್ ನನ್ನ ಮುಂದೆ ಇಲ್ಲ. ಇಂಥ ಆಫರ್‌ಗಳಲ್ಲಿ ದಿನಾ ನೋಡುವ ರೀತಿಯಲ್ಲೇ ಅಂಕಿ ಇಟ್ಟು ತೋರಿಸುತ್ತೇನೆ, ನಿಮ್ಮದು ಬಂದ ಮೇಲೆ ಅದನ್ನೇ ಹಾಕಿಕೊಳ್ಳಿ.

ಬೆಂಗಳೂರಿನದು ತಿಂಗಳಿಗೆ 55,000 ಆಯ್ತು. ಅದರಲ್ಲಿ 10 ಪರ್ಸೆಂಟ್ ವೇರಿಯಬಲ್ ಅಂದುಕೊಳ್ಳೋಣ, ಅಂದರೆ 5,500. ಅದು ವರ್ಷದ ಕೊನೆಗೆ, ಕಂಪನಿ ಚೆನ್ನಾಗಿ ನಡೆದರೆ, ಮ್ಯಾನೇಜರ್ ಒಳ್ಳೆಯ ರೇಟಿಂಗ್ ಕೊಟ್ಟರೆ. ಬೇಸಿಕ್ ಸಿಟಿಸಿಯ ಅರ್ಧ, 27,500. ಅದರ ಮೇಲೆ 12 ಪರ್ಸೆಂಟ್ ಕಂಪನಿಯ ಪಾಲಿನ ಪಿಎಫ್ 3,300. ಗ್ರಾಚ್ಯುಟಿ ಅಂತ ಬೇಸಿಕ್‌ನ 4.81 ಪರ್ಸೆಂಟ್, ಸುಮಾರು 1,323. ಇನ್ಶೂರೆನ್ಸ್ ಪ್ರೀಮಿಯಂ ಅಂತ 1,500. ಇದೆಲ್ಲ 55,000ದ ಒಳಗೇ ಇದೆ. ಇಷ್ಟು ತೆಗೆದರೆ ಉಳಿಯುವುದು 43,377. ಅದರಿಂದ ನಿಮ್ಮ ಪಾಲಿನ ಪಿಎಫ್ ಇನ್ನೊಂದು 3,300, ವೃತ್ತಿ ತೆರಿಗೆ 200 ಹೋಗಿ ಬ್ಯಾಂಕಿಗೆ ಬೀಳುವುದು 39,877.

ಊರಿನ ಕಂಪನಿ ತಿಂಗಳಿಗೆ 47,500. ವೇರಿಯಬಲ್ ಇಲ್ಲ. ಇನ್ಶೂರೆನ್ಸ್, ಗ್ರಾಚ್ಯುಟಿ ಸಿಟಿಸಿಯಿಂದ ಹೊರಗೆ. ಪಿಎಫ್ ಮಾತ್ರ 15,000 ರೂಪಾಯಿ ಮಿತಿಯ ಮೇಲೆ ಕಟ್ಟುತ್ತಾರೆ, ಅದರ 12 ಪರ್ಸೆಂಟ್ ಅಂದರೆ 1,800. ಅದನ್ನು ತೆಗೆದರೆ 45,700. ನಿಮ್ಮ ಪಾಲಿನ 1,800, ವೃತ್ತಿ ತೆರಿಗೆ 200 ಕಳೆದರೆ ಕೈಗೆ 43,700.

ಸಿಟಿಸಿ ವರ್ಷಕ್ಕೆ 90,000 ಕಡಿಮೆ ಇರುವ ಕಡೆ ತಿಂಗಳಿಗೆ ಸುಮಾರು 3,800 ಜಾಸ್ತಿ ಕೈಗೆ ಬಂತು, ಅಲ್ವಾ? (ಎರಡೂ ಕಡೆ ಆದಾಯ ತೆರಿಗೆ ಬಿಟ್ಟಿದ್ದೇನೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಸಿಗುವುದರಿಂದ ನಿಮಗೆ ತೆರಿಗೆ ಬೀಳುವುದಿಲ್ಲ.)

ಇಲ್ಲಿಗೇ ನಿಂತರೆ ಅದೂ ಅರ್ಧ ಲೆಕ್ಕ. ಪಿಎಫ್ ಕಟ್ ಆಗಿದ್ದು ಕಳೆದುಹೋದ ದುಡ್ಡಲ್ಲ, ಅದು ನಿಮ್ಮ ಖಾತೆಯಲ್ಲೇ ಇರುತ್ತದೆ. 2024-25ಕ್ಕೆ ಅದಕ್ಕೆ ಸಿಕ್ಕ ಬಡ್ಡಿ 8.25 ಪರ್ಸೆಂಟ್. ಆದರೆ ಕಂಪನಿಯ ಪಾಲು ಪೂರ್ತಿ ಪಾಸ್‌ಬುಕ್ಕಿನ ಪಿಎಫ್ ಕಾಲಮ್ಮಿಗೆ ಬರುವುದಿಲ್ಲ. ನಿಮಗೆ ಈಗ 1,680 ಕಟ್ ಆಗುತ್ತಿದೆ ಅಂದರೆ ನಿಮ್ಮ ಪಿಎಫ್ ಲೆಕ್ಕದ ಸಂಬಳ 14,000. ಶುರುವಿನಿಂದಲೂ 15,000ದ ಒಳಗೇ ಇದ್ದಿದ್ದರೆ ನೀವು ಪಿಂಚಣಿ ಯೋಜನೆಯ ಸದಸ್ಯರೂ ಹೌದು, ಕಂಪನಿ ಬದಲಾದರೂ ಅದು ಮುಂದುವರಿಯುತ್ತದೆ. ಕಂಪನಿಯ ಪಾಲಿನಿಂದ 1,250 ಅಲ್ಲಿಗೆ ಹೋಗುತ್ತದೆ. ಹಾಗಾಗಿ ಬೆಂಗಳೂರಿನ ಆಫರಿನಲ್ಲಿ ಪಿಎಫ್ ಖಾತೆಗೆ ತಿಂಗಳಿಗೆ ನಿಮ್ಮ 3,300 ಮತ್ತು ಕಂಪನಿಯ 2,050, ಒಟ್ಟು 5,350 ಬೀಳುತ್ತದೆ. ಊರಿನದ್ದರಲ್ಲಿ 1,800 ಮತ್ತು 550, ಒಟ್ಟು 2,350. ಕೈಗೆ ಬರುವ ಹಣ ಮತ್ತು ಪಿಎಫ್ ಖಾತೆಗೆ ಬೀಳುವ ಹಣ ಕೂಡಿಸಿ ನೋಡಿದರೆ ಬೆಂಗಳೂರಿನದು 45,227, ಊರಿನದು 46,050. ವೇರಿಯಬಲ್ ಪೂರ್ತಿ ಬಂದರೆ ಬೆಂಗಳೂರಿನದು ಮುಂದೆ, ಬರದಿದ್ದರೆ ಎರಡೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ವೇರಿಯಬಲ್ ಬಗ್ಗೆ ಒಂದು ಪ್ರಶ್ನೆ ಕೇಳಲೇಬೇಕು: ಕಳೆದ ವರ್ಷ ಈ ಹುದ್ದೆಯವರಿಗೆ ಎಷ್ಟು ಪರ್ಸೆಂಟ್ ಕೊಟ್ಟಿರಿ? ಗ್ರಾಚ್ಯುಟಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾಯಂ ನೌಕರರಿಗೆ ಅದು ಸಾಮಾನ್ಯವಾಗಿ 5 ವರ್ಷ ಆದಮೇಲೆ ಸಿಗುವ ಹಣ.

ಇನ್ನು "ಪಿಎಫ್ ಬೇಡ ಅಂದ್ರೆ ಜಾಸ್ತಿ ಕೊಡ್ತೀವಿ" ಅನ್ನುವ ಮಾತು. ನಮ್ಮ ಕಡೆ ಇದು ತುಂಬಾ ನಡೆಯುತ್ತದೆ. ಕೆಲಸಕ್ಕೆ ಸೇರುವಾಗ ಪಿಎಫ್ ಸಂಬಳ 15,000ಕ್ಕಿಂತ ಜಾಸ್ತಿ ಇದ್ದು, ಹಿಂದೆ ಎಂದೂ ಪಿಎಫ್ ಸದಸ್ಯರಾಗಿಲ್ಲದವರು ಬೇಡ ಅನ್ನಬಹುದು. ನೀವು ಆ ಗುಂಪಿನವರಲ್ಲ. ನಿಮಗೆ ಈಗಾಗಲೇ ಪಿಎಫ್‌ನ ಯುಎಎನ್ ನಂಬರ್ ಇದೆ, ಖಾತೆಯಲ್ಲಿ ಹಣ ಇದೆ. 20 ಅಥವಾ ಹೆಚ್ಚು ಜನ ಇರುವ, ಪಿಎಫ್ ವ್ಯಾಪ್ತಿಗೆ ಬಂದ ಕಂಪನಿಗೆ ನೀವು ಸೇರಿದರೆ ಕನಿಷ್ಠ 15,000ದ ಮೇಲೆ ಕಟ್ಟಲೇಬೇಕು. ಅವರು ನಿಮ್ಮಿಂದ ಬರೆಸಿಕೊಂಡ ಚೀಟಿಗೆ ಬೆಲೆ ಇಲ್ಲ. ಅವರು ಹಾಗೆ ಹೇಳಿದ್ದಾರೆ ಅಂದರೆ ಒಂದೋ ಕಂಪನಿಗೆ ಪಿಎಫ್ ಕೋಡ್ ಇಲ್ಲ, ಇಲ್ಲವೇ ಕಂಪನಿಯ ಪಾಲು ಉಳಿಸಲು ನೋಡುತ್ತಿದ್ದಾರೆ. ಯಾವುದು ಅಂತ ತಿಳಿಯಲು ಅವರನ್ನೇ ಕೇಳಬೇಕಾಗಿಲ್ಲ. epfindia.gov.in ಸೈಟಿನಲ್ಲಿ Establishment Search ಅಂತ ಇದೆ, ಲಾಗಿನ್ ಬೇಡ. ಕಂಪನಿಯ ಹೆಸರು ಹಾಕಿದರೆ ಕೋಡ್ ಬರುತ್ತದೆ. ಅದರಲ್ಲಿ View Payment Details ಒತ್ತಿದರೆ ಯಾವ ತಿಂಗಳು, ಯಾವ ದಿನ, ಎಷ್ಟು ಜನರಿಗೆ, ಎಷ್ಟು ಹಣ ಕಟ್ಟಿದ್ದಾರೆ ಅಂತ ಸಾಲು ಸಾಲಾಗಿ ಕಾಣುತ್ತದೆ. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಮಾರ್ಚಿನದು ಜೂನಿನಲ್ಲಿ, ಏಪ್ರಿಲಿನದು ಆಗಸ್ಟಿನಲ್ಲಿ ಕಟ್ಟಿದ್ದು ಕಂಡರೆ ಆ ಕಂಪನಿಯಲ್ಲಿ ಸಂಬಳವೂ ಹಾಗೇ ತಡ ಆಗಬಹುದು ಅಂತ ನಾನು ಅಂದಾಜು ಮಾಡುತ್ತೇನೆ. ಆಫೀಸಿನಲ್ಲಿ ಐವತ್ತು ಜನ ಕೂತಿದ್ದು ಪಟ್ಟಿಯಲ್ಲಿ ಹದಿನೆಂಟು ಜನ ಕಂಡರೂ ಯೋಚಿಸಿ. ಎರಡೂ ಕಂಪನಿಗಳನ್ನು ಇವತ್ತೇ ಹುಡುಕಿ ನೋಡಿ, ಹತ್ತು ನಿಮಿಷದ ಕೆಲಸ.

ನಿಮ್ಮ ವಿಷಯದಲ್ಲಿ ತಕ್ಕಡಿ ಯಾವ ಕಡೆ ವಾಲುತ್ತದೆ ಅನ್ನುವುದು ನಿಜವಾಗಿ ತೀರ್ಮಾನ ಆಗುವುದು ಅಮ್ಮನ ಇನ್ಶೂರೆನ್ಸ್‌ನಲ್ಲಿ. ಜನ ಕೇಳುವುದು "ಇನ್ಶೂರೆನ್ಸ್ ಇದೆಯಾ, ಎಷ್ಟು ಲಕ್ಷ" ಅಂತ. ಅಲ್ಲಿ "3 ಲಕ್ಷ" ಅಂತ ಉತ್ತರ ಬರುತ್ತದೆ, ಮಾತು ಮುಗಿಯುತ್ತದೆ. ಆ 3 ಲಕ್ಷದಲ್ಲಿ ಅಪ್ಪ ಅಮ್ಮ ಇದ್ದಾರಾ, ಅವರ ಪ್ರೀಮಿಯಂ ಯಾರು ಕಟ್ಟುತ್ತಾರೆ, ಮೊದಲೇ ಇರುವ ಶುಗರ್‌ಗೆ ಮೊದಲ ದಿನದಿಂದಲೇ ಸಿಗುತ್ತದಾ, ರೂಮ್ ಬಾಡಿಗೆಗೆ ಮಿತಿ ಇದೆಯಾ, ಕೋ-ಪೇ, ಅಂದರೆ ಬಿಲ್ಲಿನಲ್ಲಿ ನಾವೇ ಕಟ್ಟಬೇಕಾದ ಪಾಲು, ಎಷ್ಟು ಅನ್ನುವುದು ಕೇಳದೆ ಹೋದರೆ ಆ ಅಂಕಿಗೆ ಅರ್ಥವೇ ಇಲ್ಲ.

ಒಂದು ಬಿಲ್ ಇಟ್ಟುಕೊಂಡು ನೋಡೋಣ. ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯ್ತು, ನಾಲ್ಕು ದಿನ ಆಸ್ಪತ್ರೆ, ಒಟ್ಟು ಬಿಲ್ 1,40,000 ಅಂದುಕೊಳ್ಳಿ. ರೂಮ್ ದಿನಕ್ಕೆ 4,500ರಂತೆ 18,000. ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 90,000. ಔಷಧಿ ಮತ್ತು ಟೆಸ್ಟ್ 32,000. ಪಾಲಿಸಿ 3 ಲಕ್ಷದ್ದು, ರೂಮ್ ಬಾಡಿಗೆ ಮಿತಿ ಅದರ 1 ಪರ್ಸೆಂಟ್, ಅಂದರೆ ದಿನಕ್ಕೆ 3,000. ಅಪ್ಪ ಅಮ್ಮನಿಗೆ 20 ಪರ್ಸೆಂಟ್ ಕೋ-ಪೇ.

ಹೆಚ್ಚಿನವರು ರೂಮಿನ ವ್ಯತ್ಯಾಸ ದಿನಕ್ಕೆ 1,500 ತಾನೇ, ನಾಲ್ಕು ದಿನಕ್ಕೆ 6,000 ಕೈಯಿಂದ ಕೊಟ್ಟರಾಯ್ತು ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ದುಬಾರಿ ರೂಮ್ ತೆಗೆದುಕೊಂಡರೆ ಅದೇ ಆಸ್ಪತ್ರೆಯಲ್ಲಿ ಸರ್ಜನ್ ಫೀಸಿನಿಂದ ಹಿಡಿದು ಎಲ್ಲದರ ದರವೂ ಏರುತ್ತದೆ ಅನ್ನುವ ಲೆಕ್ಕದಲ್ಲಿ ಇನ್ಶೂರೆನ್ಸ್ ಕಂಪನಿ ಅವುಗಳನ್ನೂ ಅದೇ ಪ್ರಮಾಣದಲ್ಲಿ ಕಡಿಮೆ ಮಾಡುತ್ತದೆ. 4,500ಕ್ಕೆ 3,000 ಅಂದರೆ ಮೂರರಲ್ಲಿ ಎರಡು ಪಾಲು. ರೂಮಿಗೆ 12,000 ಕೊಡುತ್ತಾರೆ. 90,000ಕ್ಕೆ 60,000 ಕೊಡುತ್ತಾರೆ. ಔಷಧಿ, ಟೆಸ್ಟಿಗೆ ಈ ಕಡಿತ ಅನ್ವಯಿಸುವುದಿಲ್ಲ, 32,000 ಪೂರ್ತಿ. ಒಟ್ಟು 1,04,000. ಅದರ ಮೇಲೆ 20 ಪರ್ಸೆಂಟ್ ಕೋ-ಪೇ 20,800 ಹೋಗಿ ಇನ್ಶೂರೆನ್ಸ್‌ನಿಂದ ಬರುವುದು 83,200. ಉಳಿದ 56,800 ನಿಮ್ಮ ಜೇಬಿನಿಂದ. ಗ್ಲೌಸ್ ಮತ್ತಿತರ ಚಿಕ್ಕಪುಟ್ಟ ಸಾಮಾನಿಗೆ ಕಡಿತ ಆಗುವುದು ಇದರ ಮೇಲೆ ಬೇರೆ. 3 ಲಕ್ಷದ ಪಾಲಿಸಿ ಇದೆ, ಬಿಲ್ ಅದರ ಅರ್ಧವೂ ಇಲ್ಲ, ಆದರೂ ಇಷ್ಟು. ಇದೇ ಬಿಲ್ಲಿಗೆ 3,000ದೊಳಗಿನ ರೂಮಿನಲ್ಲಿ ಇದ್ದಿದ್ದರೆ ಬರೀ ಕೋ-ಪೇ ಮಾತ್ರ ಕೊಡಬೇಕಿತ್ತು, ಬಿಲ್ಲೂ ಕಡಿಮೆ ಬರುತ್ತಿತ್ತು. ಆದ್ದರಿಂದ ಮಿತಿ ಇರುವ ಪಾಲಿಸಿ ಅಂತ ತಕ್ಷಣ ಬೇಡ ಅನ್ನಬೇಕಾಗಿಲ್ಲ. ಮಿತಿ ಎಷ್ಟು ಅಂತ ಮೊದಲೇ ಗೊತ್ತಿರಬೇಕು.

ಇಷ್ಟಾದರೂ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಅಮ್ಮನ ಹೆಸರು ಸೇರುವುದು ದೊಡ್ಡ ಲಾಭವೇ. ಬಹಳಷ್ಟು ಗ್ರೂಪ್ ಪಾಲಿಸಿಗಳಲ್ಲಿ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಇರುವುದಿಲ್ಲ, ಸೇರಿದ ದಿನದಿಂದಲೇ ಶುಗರ್‌ಗೆ ಸಂಬಂಧಿಸಿದ ತೊಂದರೆಗೂ ಸಿಗುತ್ತದೆ. ಬಹಳಷ್ಟು ಅಂದೆ, ಎಲ್ಲವೂ ಅಲ್ಲ, ಅದಕ್ಕೇ ಕೇಳಬೇಕು. ನೀವೇ ಹೊರಗೆ ಅಮ್ಮನಿಗೆ ಪಾಲಿಸಿ ಮಾಡಿಸಿದರೆ ಶುಗರ್‌ಗೆ 3 ವರ್ಷದವರೆಗೆ ಕಾಯಿಸಬಹುದು. ಊರಿನ ಕಂಪನಿಯ ಇನ್ಶೂರೆನ್ಸ್‌ನಲ್ಲಿ ನೀವು, ಹೆಂಡತಿ, ಮಕ್ಕಳು ಮಾತ್ರ ಇದ್ದರೆ, ಮೇಲೆ ತೋರಿಸಿದ 3,800ರ ವ್ಯತ್ಯಾಸ ಒಂದೇ ಸಲದ ಆಸ್ಪತ್ರೆ ಬಿಲ್ಲಿನಲ್ಲಿ ಕೊಚ್ಚಿಹೋಗುತ್ತದೆ.

ಇನ್ನೊಂದು ಪ್ರಶ್ನೆ ನಮ್ಮ ಊರಿನವರು ಮರೆಯುವುದೇ ಜಾಸ್ತಿ. ಬೆಂಗಳೂರಿನ ಕಂಪನಿಯ ಪಾಲಿಸಿಯ ನೆಟ್‌ವರ್ಕ್ ಪಟ್ಟಿಯಲ್ಲಿ ಬೆಂಗಳೂರಿನ ಆಸ್ಪತ್ರೆಗಳು ನೂರಾರು ಇರುತ್ತವೆ. ದಾವಣಗೆರೆಯಲ್ಲಿ ನಿಮ್ಮ ಅಮ್ಮ ಯಾವಾಗಲೂ ತೋರಿಸುವ ಆಸ್ಪತ್ರೆ ಇದೆಯಾ? ಬಾಪೂಜಿ ಆಗಲಿ, ಎಸ್‌ಎಸ್ ಆಗಲಿ, ಪಿ.ಜೆ. ಬಡಾವಣೆಯ ಯಾವುದೋ ನರ್ಸಿಂಗ್ ಹೋಮ್ ಆಗಲಿ, ಹೆಸರು ಹೇಳಿಯೇ ಕೇಳಿ. ಇಲ್ಲದಿದ್ದರೆ ಮೊದಲು ನೀವು ಪೂರ್ತಿ ಹಣ ಕಟ್ಟಿ, ಆಮೇಲೆ ಬಿಲ್ ಕಳಿಸಿ ವಾಪಸ್ ಪಡೆಯುವ ಓಡಾಟ. ನೆಟ್‌ವರ್ಕ್ ಇಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೊಡುವ ವ್ಯವಸ್ಥೆಯನ್ನು ಇನ್ಶೂರೆನ್ಸ್ ಕಂಪನಿಗಳು 2024ರಲ್ಲಿ ಶುರು ಮಾಡಿವೆ. ಆದರೆ ಆಸ್ಪತ್ರೆ ಒಪ್ಪಬೇಕು, ಮೊದಲೇ ಗೊತ್ತಿರುವ ಆಪರೇಷನ್ ಆದರೆ 48 ಗಂಟೆ ಮುಂಚೆ ತಿಳಿಸಬೇಕು. ಅದನ್ನೇ ನಂಬಿ ಕೂರುವುದು ಬೇಡ.

ಗ್ರೂಪ್ ಪಾಲಿಸಿಯ ದೊಡ್ಡ ಕೊರತೆ ಅಂದರೆ ಕೆಲಸ ಬಿಟ್ಟ ದಿನ ಸಾಮಾನ್ಯವಾಗಿ ಅದೂ ಮುಗಿಯುತ್ತದೆ. ಹಾಗಾಗಿ ಯಾವ ಆಫರ್ ಒಪ್ಪಿದರೂ ಅಮ್ಮನ ಹೆಸರಲ್ಲಿ ಹೊರಗೆ ಒಂದು ಚಿಕ್ಕ ಪಾಲಿಸಿ ಈಗಲೇ ಶುರು ಮಾಡಿ, ಶುಗರ್ ಇದೆ ಅಂತ ಮುಚ್ಚಿಡದೆ ಬರೆದೇ ಮಾಡಿಸಿ. ಕಾಯುವ ಅವಧಿ ಅದರ ಪಾಡಿಗೆ ಕಳೆಯುತ್ತಿರುತ್ತದೆ. ಪ್ರೀಮಿಯಂ ಭಾರ ಅನ್ನಿಸುತ್ತದೆ, ನಿಜ. 64ನೇ ವಯಸ್ಸಿನಲ್ಲಿ ಹೊಸದಾಗಿ ಮಾಡಿಸಲು ಹೋದಾಗ ಇನ್ನೂ ಭಾರ ಆಗುತ್ತದೆ, ಕೊಡುವುದೇ ಇಲ್ಲ ಅನ್ನಲೂಬಹುದು.

ರಜೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಪ್ರಕಾರ 20 ದಿನ ಕೆಲಸಕ್ಕೆ 1 ದಿನ ಗಳಿಕೆ ರಜೆ, ವರ್ಷಕ್ಕೆ 12 ದಿನದವರೆಗೆ ಅನಾರೋಗ್ಯ ರಜೆ ಇದೆ. "ಒಟ್ಟು 18 ರಜೆ" ಅಂತ ಹೇಳಿದರೆ ಅದರಲ್ಲಿ ಯಾವುದು ಎಷ್ಟು ಅಂತ ಬಿಡಿಸಿ ಹೇಳಿಸಿಕೊಳ್ಳಿ, ಏಕೆಂದರೆ ಉಳಿದರೆ ಮುಂದಿನ ವರ್ಷಕ್ಕೆ ಹೋಗುವುದು, ಬಿಡುವಾಗ ದುಡ್ಡಾಗುವುದು ಗಳಿಕೆ ರಜೆ. ಪ್ರೊಬೇಷನ್ನಿನಲ್ಲಿ ರಜೆ ಹಾಕಬಹುದಾ ಅಂತಲೂ ಕೇಳಿ. ಮತ್ತೊಂದು, ಸ್ಯಾಂಡ್‌ವಿಚ್ ನಿಯಮ ಇದೆಯಾ ಅಂತ. ಅದು ಇದ್ದರೆ ಶುಕ್ರವಾರ, ಸೋಮವಾರ ಎರಡು ದಿನ ರಜೆ ಹಾಕಿದಾಗ ನಡುವಿನ ಶನಿವಾರ, ಭಾನುವಾರವೂ ಸೇರಿ ನಾಲ್ಕು ರಜೆ ಹೋಗುತ್ತದೆ. ಮನೆಗೆ ನೆಂಟರು ತುಂಬುವ ದುಗ್ಗಮ್ಮನ ಜಾತ್ರೆಯಂಥ ಸಮಯದಲ್ಲಿ ಇದರ ಬಿಸಿ ತಟ್ಟುತ್ತದೆ.

ಮೇಲ್ ಹೇಗಿರಬೇಕು ಅಂದರೆ, ಇಂಗ್ಲಿಷಿನಲ್ಲೇ ಬರೆಯುತ್ತೀರಿ ಅಂತ ಗೊತ್ತು, ವಿಷಯ ಇಷ್ಟಿದ್ದರೆ ಸಾಕು:

"ಆಫರ್‌ಗೆ ಧನ್ಯವಾದ. ಈ ಕೆಲಸದಲ್ಲಿ ನನಗೆ ಆಸಕ್ತಿ ಇದೆ. ತೀರ್ಮಾನ ತಿಳಿಸುವ ಮೊದಲು ತಿಂಗಳ ಸಂಬಳದ ಬ್ರೇಕಪ್ ಕಳಿಸಿಕೊಡಿ. ಪಿಎಫ್ ಪೂರ್ತಿ ಬೇಸಿಕ್ ಮೇಲೋ 15,000ದ ಮೇಲೋ, ವೇರಿಯಬಲ್ ಇದ್ದರೆ ಕಳೆದ ವರ್ಷ ಈ ಹುದ್ದೆಗೆ ಎಷ್ಟು ಪರ್ಸೆಂಟ್ ಕೊಟ್ಟಿರಿ ಎಂಬುದು ಅದರಲ್ಲಿರಲಿ. ಆರೋಗ್ಯ ವಿಮೆಯಲ್ಲಿ ತಾಯಿಯನ್ನು ಸೇರಿಸಬಹುದೇ, ಪ್ರೀಮಿಯಂ, ಕೋ-ಪೇ, ರೂಮ್ ಬಾಡಿಗೆ ಮಿತಿ, ಮೊದಲೇ ಇರುವ ಕಾಯಿಲೆಯ ನಿಯಮ ಮತ್ತು ದಾವಣಗೆರೆಯ ಇಂಥ ಆಸ್ಪತ್ರೆ ನೆಟ್‌ವರ್ಕ್ ಪಟ್ಟಿಯಲ್ಲಿದೆಯೇ ಎಂದು ತಿಳಿಸಿ. ರಜೆ ಪಾಲಿಸಿಯ ಪ್ರತಿಯೂ ಬೇಕು. ಇವು ಬಂದ ಎರಡು ದಿನದಲ್ಲಿ ಉತ್ತರ ಕೊಡುತ್ತೇನೆ."

ಕೊನೆಯ ಸಾಲು ಬಿಡಬೇಡಿ. ಶುಕ್ರವಾರದ ಗಡುವಿಗೆ ಅದೇ ಉತ್ತರ. ಎರಡೂ ಕಡೆಗೆ ಇದೇ ಮೇಲ್ ಹೋಗಲಿ, ಇನ್ನೊಂದು ಆಫರಿನ ಮೊತ್ತ ಬರೆಯುವುದು ಬೇಡ. "ಅವೆಲ್ಲ ಸೇರಿದ ಮೇಲೆ ಹೇಳ್ತೀವಿ" ಅಂತ ಬಂದರೆ ಒಮ್ಮೆ ಎಚ್‌ಆರ್‌ಗೆ ಫೋನ್ ಮಾಡಿ, ಮಾತಾಡಿದ್ದನ್ನು "ಇವತ್ತು ಹೀಗೆ ತಿಳಿಸಿದಿರಿ" ಅಂತ ಮೇಲ್ ಹಾಕಿ ಇಟ್ಟುಕೊಳ್ಳಿ. ಆಗಲೂ ಬರವಣಿಗೆಯಲ್ಲಿ ಏನೂ ಕೊಡದಿದ್ದರೆ ಆ ಇನ್ಶೂರೆನ್ಸ್ ಇಲ್ಲವೇ ಇಲ್ಲ ಅಂತ ಹಿಡಿದು ಲೆಕ್ಕ ಹಾಕಿ.

ನನ್ನನ್ನು ಕೇಳಿದರೆ, ಬೆಂಗಳೂರಿನ ಪಾಲಿಸಿಯಲ್ಲಿ ಅಮ್ಮನಿಗೆ ಮೊದಲ ದಿನದಿಂದ ಶುಗರ್ ಸೇರಿ ಸಿಗುತ್ತದೆ, ದಾವಣಗೆರೆಯ ಆಸ್ಪತ್ರೆ ಪಟ್ಟಿಯಲ್ಲಿದೆ ಅಂತ ಬರೆದು ಬಂದರೆ ಕೈಗೆ ಕಡಿಮೆ ಬಂದರೂ ಅದನ್ನೇ ಒಪ್ಪಿ. ಅವೆರಡೂ ಇಲ್ಲ ಅಂತಾದರೆ, ಊರಿನ ಕಂಪನಿ ಪಿಎಫ್ ಸರಿಯಾಗಿ ಕಟ್ಟುತ್ತಿದ್ದು ನಿಮ್ಮದನ್ನೂ ಕಟ್ಟಲು ಒಪ್ಪಿದರೆ ಅಲ್ಲಿಗೆ ಹೋಗಿ, ಆ ಹೆಚ್ಚಿನ 3,800ರಲ್ಲಿ ಅಮ್ಮನ ಪಾಲಿಸಿ ಕಟ್ಟಿ. ಬೆಂಗಳೂರಿನದು ಒಪ್ಪಿದರೆ ಮಾತ್ರ ಒಂದು ನೆನಪಿರಲಿ. ಅಪ್ಪ ಅಮ್ಮನ ಹೆಸರು ಸೇರಿಸಲು ಸೇರಿದ ಮೇಲೆ ಕೆಲವೇ ದಿನ, ಹೆಚ್ಚೆಂದರೆ ಒಂದು ತಿಂಗಳು ಸಮಯ ಕೊಡುತ್ತಾರೆ. ತಪ್ಪಿದರೆ ಮುಂದಿನ ವರ್ಷದ ನವೀಕರಣದವರೆಗೆ ಕಾಯಬೇಕು. ಅಮ್ಮನ ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕವನ್ನೇ ಫಾರಂನಲ್ಲಿ ತುಂಬಿ, ಇ-ಕಾರ್ಡ್ ಬಂದ ತಕ್ಷಣ ಡೌನ್‌ಲೋಡ್ ಮಾಡಿ ಮನೆಯವರ ಫೋನಿನಲ್ಲೂ ಹಾಕಿಡಿ.